ರೊಪ್ಪದ ಜಾಲಿ, ಐನೂರು ಪದ

ದೊಡ್ಡಉಳ್ಳಾರ್ತಿಯ ಹುಡುಗಿಯೊಬ್ಬಳು ಬ್ರಿಟನ್ನಿನ ವಿಶ್ವವಿದ್ಯಾಲಯವೊಂದಕ್ಕೆ ಪರಿಸರ ವಿಜ್ಞಾನದ ಎಂ.ಎಸ್ಸಿ. ಓದಲು ಅರ್ಜಿ ಹಾಕುತ್ತಿದ್ದಳು. ಅಂಕಪಟ್ಟಿ, ಶಿಫಾರಸು ಪತ್ರ, ಪಾಸ್‌ಪೋರ್ಟ್ ಪ್ರತಿ ಎಲ್ಲ ಹೊಂದಿಸಿಕೊಂಡಿದ್ದಳು. ಉಳಿದದ್ದು ‘ಪರ್ಸನಲ್ ಸ್ಟೇಟ್‌ಮೆಂಟ್’ ಒಂದೇ. ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ, ಅದಕ್ಕೆ ಏನು ತಯಾರಿ ಮಾಡಿಕೊಂಡಿದ್ದೀರಿ ಎಂಬುದನ್ನು 500 ಪದ ಮೀರದಂತೆ ಬರೆಯಬೇಕಿತ್ತು. ಅವಳು ಅದನ್ನು ಕನ್ನಡದಲ್ಲಿ ಬರೆದು ತಂದಿದ್ದಳು, ನೋಟ್‌ಬುಕ್ಕಿನ ಹಾಳೆಯಲ್ಲಿ, ನಾಲ್ಕು ಪುಟ. “ಇದನ್ನ ಇಂಗ್ಲಿಷ್‌ಗೆ ಮಾಡ್ಕೊಡಿ ಸರ್” ಎಂದಳು.

ಕನ್ನಡದಲ್ಲಿ ಬರೆದು ತಂದದ್ದು ನನಗೆ ಬಹಳ ಸಮಾಧಾನ ತಂದಿತು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿಯೇ ನಾನು ಮುದುಕನಾದವನು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ನೇರವಾಗಿ ಇಂಗ್ಲಿಷ್‌ನಲ್ಲಿ ಬರೆಯಲು ಕೂತರೆ ತಮಗೆ ಗೊತ್ತಿರುವುದನ್ನು ಬರೆಯುವುದಿಲ್ಲ, ತಮಗೆ ಬರುವ ವಾಕ್ಯಗಳನ್ನು ಬರೆಯುತ್ತಾರೆ. ‘ಸಿನ್ಸ್ ಮೈ ಚೈಲ್ಡ್‌ಹುಡ್ ಐ ಆಮ್ ವೆರಿ ಪ್ಯಾಷನೇಟ್’ ಎಂದು ಶುರುವಾಗಿ ‘ಯುವರ್ ಎಸ್ಟೀಮ್ಡ್ ಯೂನಿವರ್ಸಿಟಿ’ ಎಂದು ಮುಗಿಯುತ್ತದೆ. ಬರೆದವರ ಹೆಸರು ಅಳಿಸಿ ಬೇರೆಯವರ ಹೆಸರು ಹಾಕಿದರೂ ನಡೆಯುತ್ತದೆ. ಆದರೆ ಕನ್ನಡದ ಕರಡನ್ನು ಸಾಲಿಗೆ ಸಾಲು ಇಂಗ್ಲಿಷ್‌ಗೆ ಹೊರಳಿಸಿದರೂ ಕೆಲಸ ಕೆಡುತ್ತದೆ. ನಡುವೆ ಇನ್ನೊಂದು ಹಂತ ಇದೆ. ಇಂಗ್ಲಿಷ್ ಇನ್ನೂ ಬಾಗಿಲಾಚೆ ಇರುವಾಗಲೇ, ಕನ್ನಡದಲ್ಲೇ, ಆ ಕರಡನ್ನು ಪ್ರಶ್ನೆ ಕೇಳುವ ಹಂತ. ನಮ್ಮ ಸಮಯದ ಬಹುಪಾಲು ಅದಕ್ಕೇ ಹೋಯಿತು.

ಅವಳ ನಾಲ್ಕು ಪುಟದಲ್ಲಿ ಇದ್ದದ್ದೇನು ಎಂದು ಹೇಳಬೇಕು. ಮೊದಲ ಪುಟದ ತುಂಬ ಊರು, ಬರಗಾಲ, ಕುರಿ ಕಾಯುವ ಅಪ್ಪ, ಶೇಂಗಾ ಬಿಡಿಸಲು ಕೂಲಿಗೆ ಹೋಗುವ ಅಮ್ಮ, ಕಲಿಸಿದ ಮೇಷ್ಟ್ರುಗಳಿಗೆ ನಮಸ್ಕಾರ. ಎರಡನೆಯದರಲ್ಲಿ ಕಾವಲು. ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದಿದ್ದರೆ ಅದು ಕಾವಲಿನಿಂದಲೇ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಇಂಥ ಕಾವಲುಗಳಲ್ಲಿ ಸುಮಾರು 10,000 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರ, ಡಿಆರ್‌ಡಿಒ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವಕ್ಕೆ ಹಂಚಿಕೆಯಾಯಿತು. ಗೋಡೆಗಳು ಎದ್ದವು, ಊರವರು ಹೋರಾಡಿದರು, ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಹುಡುಗಿ ಅದನ್ನೆಲ್ಲ ಕಣ್ಣೀರಲ್ಲಿ ಅದ್ದಿ ಬರೆದಿದ್ದಳು. ಮೂರನೆಯ ಪುಟ ಅಂಕ, ಎನ್‌ಎಸ್‌ಎಸ್ ಶಿಬಿರ, ಭಾಷಣ ಸ್ಪರ್ಧೆಯ ಬಹುಮಾನ. ನಾಲ್ಕನೆಯ ಪುಟದ ಕೊನೆಯಲ್ಲಿ, ಜಾಗ ಉಳಿದಿತ್ತೆಂದು ಬರೆದಂತೆ, ಈ ಸಾಲುಗಳಿದ್ದವು:

“ನಮ್ಮ ಭಾಗದಲ್ಲಿ ಬಳ್ಳಾರಿ ಜಾಲಿ ಬಹಳ ಹೆಚ್ಚಾಗಿದೆ. ಕುರಿಗಳು ಅದರ ಕಾಯಿ ತಿನ್ನುವುದರಿಂದ ಅದು ಹರಡುತ್ತದೆ ಎಂದು ಹೇಳುತ್ತಾರೆ. ಪದವಿಯಲ್ಲಿ ಈ ಬಗ್ಗೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಲಾಯಿತು. ಅದರಿಂದ ಅನೇಕ ವಿಷಯಗಳು ತಿಳಿದುಬಂದವು.”

ಇಡೀ ಬರಹದಲ್ಲಿ ಅವಳೊಬ್ಬಳೇ ಬರೆಯಬಲ್ಲ ಸಾಲುಗಳು ಇವು. ಆದರೆ ಇವುಗಳಲ್ಲಿ ಅವಳೇ ಇಲ್ಲ. ಹೇಳುವವರು ಯಾರೋ, ಮಾಡಿದವರು ಯಾರೋ, ತಿಳಿದದ್ದು ಯಾರಿಗೋ. ನಮ್ಮಲ್ಲಿ ‘ನಾನು ಮಾಡಿದೆ, ನಾನು ಕಂಡೆ’ ಎಂದು ಹೇಳಿಕೊಳ್ಳುವುದು ಜಂಬ. ‘ಮಾಡಲಾಯಿತು’, ‘ತಿಳಿದುಬಂತು’ ಎಂದರೆ ವಿನಯ. ಶಾಲೆಯ ವರದಿ ಬರೆಸುವಾಗ ನಾವೇ ಅದನ್ನು ಕಲಿಸಿರುತ್ತೇವೆ. ಕನ್ನಡದ ಓದುಗ ಆ ವಿನಯದ ಹಿಂದಿರುವ ವ್ಯಕ್ತಿಯನ್ನು ಗುರುತಿಸುತ್ತಾನೆ. ಇಂಗ್ಲಿಷ್‌ನಲ್ಲಿ ಅದೇ ವಾಕ್ಯ ‘ಎ ಸ್ಮಾಲ್ ಪ್ರಾಜೆಕ್ಟ್ ವಾಸ್ ಡನ್’ ಆದರೆ, ಓದುವ ಪ್ರಾಧ್ಯಾಪಕರಿಗೆ ಇವಳು ಗುಂಪಿನಲ್ಲಿ ಸುಮ್ಮನೆ ನಿಂತಿದ್ದಳೇನೋ ಅನ್ನಿಸುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು ಯಾರು ಎಂಬುದನ್ನೇ.

“ಹೇಳುತ್ತಾರೆ ಅಂದ್ರೆ ಯಾರಮ್ಮ ಹೇಳಿದ್ದು?”

“ನಮ್ಮಪ್ಪ ಸರ್. ಬಿಟ್ಟ ರೊಪ್ಪದಾಗೆ ಮಳೆ ಬಿದ್ಮೇಲೆ ಜಾಲಿ ಮೊಳೀತಾವೆ ಅಂತಿತ್ತು.”

“ಪ್ರಾಜೆಕ್ಟ್ ಮಾಡಿದ್ದು?”

“ನಾನೇ ಸರ್. ಎಣಿಸೋವಾಗ ಗೆಳತಿ ಒಬ್ಳು ಜತೆಗಿದ್ಲು.”

“ಏನು ಎಣಿಸಿದ್ರಿ, ಎಲ್ಲಿ, ಯಾವಾಗ?”

ಆಮೇಲೆ ಅವಳನ್ನು ತಡೆಯುವ ಅಗತ್ಯ ಬರಲಿಲ್ಲ. ಹಿಂಗಾರು ಮಳೆ ಬಿದ್ದ ಮೇಲೆ, ಹಿಂದಿನ ಬೇಸಿಗೆಯಲ್ಲಿ ಮಂದೆ ಮಲಗಿಸಿ ಬಿಟ್ಟುಬಂದ ರೊಪ್ಪಗಳಿಗೆ ಹೋಗಿದ್ದಳು. ಮುರಿದ ಛತ್ರಿಯ ಕಡ್ಡಿ ಕಟ್ಟಿ ಒಂದು ಮೀಟರ್ ಉದ್ದಗಲದ ಚೌಕ ಮಾಡಿಕೊಂಡಿದ್ದಳು. ರೊಪ್ಪದ ಒಳಗೆ ಹತ್ತು ಕಡೆ, ಬೇಲಿಯ ಹೊರಗೆ ಹತ್ತು ಕಡೆ ಚೌಕ ಇಟ್ಟು ಮೊಳಕೆ ಎಣಿಸಿದ್ದಳು. ಒಳಗಿನ ಹತ್ತರಲ್ಲಿ ಎಂಟು ಚೌಕಗಳಲ್ಲಿ ಜಾಲಿ ಮೊಳೆತಿತ್ತು, ಹೊರಗಿನ ಹತ್ತರಲ್ಲಿ ಎರಡರಲ್ಲಿ. ಇಷ್ಟು ಹೇಳಿದವಳು ತಾನಾಗಿಯೇ ಇನ್ನೊಂದು ಮಾತು ಸೇರಿಸಿದಳು: “ಆದ್ರೆ ಸರ್, ರೊಪ್ಪದಾಗೆ ಹಿಕ್ಕೆ ಗೊಬ್ಬರ ಐತೆ. ಗೊಬ್ಬರಕ್ಕೇ ಚೆನ್ನಾಗಿ ಮೊಳೆತಿರಬೋದು. ಬೀಜ ಕುರಿ ಹೊಟ್ಟೆಯಿಂದಲೇ ಬಂತು ಅಂತ ಹೆಂಗೆ ಹೇಳೋದು? ಹಿಕ್ಕೆ ತಂದು ಬೇರೆ ಮಣ್ಣಿನ ಕುಂಡದಾಗೆ ಹಾಕಿ ನೋಡ್ಬೇಕಿತ್ತು. ಪರೀಕ್ಷೆ ಬಂತು, ಆಗ್ಲಿಲ್ಲ.”

ಈ ಮಾತು ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಏಕೆ ಬರೆಯಲಿಲ್ಲ ಎಂದರೆ, “ಅದು ನಾನು ಮಾಡ್ದೇ ಇರೋದಲ್ವಾ ಸರ್, ತೋರಿಸ್ಕೊಂಡ್ರೆ ಸೀಟು ಹೋಗಲ್ವಾ” ಎಂದಳು. ಸ್ನಾತಕೋತ್ತರ ಅರ್ಜಿಯನ್ನು ಸಾಮಾನ್ಯವಾಗಿ ಆ ವಿಷಯವನ್ನೇ ಪಾಠ ಮಾಡುವವರು ಓದುತ್ತಾರೆ. ಬಳ್ಳಾರಿ ಜಾಲಿ ಅವರಿಗೆ ಗೊತ್ತಿರುವ ಗಿಡ. ಅಮೆರಿಕ ಖಂಡದಿಂದ 1877ರ ಸುಮಾರಿಗೆ ಭಾರತಕ್ಕೆ ತಂದ ಪ್ರೊಸೋಪಿಸ್ ಜೂಲಿಫ್ಲೋರಾ. ಅದರ ಗಟ್ಟಿ ಬೀಜ ಜಾನುವಾರುಗಳ ಹೊಟ್ಟೆ ದಾಟಿ ಬದುಕುತ್ತದೆ ಎಂಬುದೂ ಅವರಿಗೆ ಹೊಸದಲ್ಲ. ಅವರು ಹುಡುಕುವುದು ಬೇರೆ. ಈ ವಿದ್ಯಾರ್ಥಿನಿಗೆ ಪ್ರಶ್ನೆ ಕೇಳಲು ಬರುತ್ತದೆಯೇ, ತನ್ನ ಉತ್ತರ ಎಲ್ಲಿ ದುರ್ಬಲ ಎಂದು ಕಾಣುತ್ತದೆಯೇ, ಅದನ್ನು ಗಟ್ಟಿ ಮಾಡಲು ಏನು ಕಲಿಯಬೇಕೆಂದು ಗೊತ್ತಿದೆಯೇ? ಗೊಬ್ಬರವೋ ಬೀಜವೋ ಎಂಬ ಅವಳ ಅನುಮಾನದಲ್ಲಿ ಮೂರಕ್ಕೂ ಉತ್ತರ ಇತ್ತು. ‘ಈ ಕೋರ್ಸ್ ಏಕೆ ಬೇಕು’ ಎಂಬ ಪ್ರಶ್ನೆಗೆ ಅವಳು ‘ವಿಶ್ವದರ್ಜೆಯ ಶಿಕ್ಷಣ’ ಎಂದು ಬರೆದಿದ್ದಳು. ಅದನ್ನು ತೆಗೆದು, ಇಂಥ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡುವ ಪ್ರಯೋಗ ಹೂಡುವುದನ್ನು ಕಲಿಯಬೇಕು ಎಂದು ಬರೆಸಿದೆ. ಆ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕ್ಷೇತ್ರ ಪ್ರಯೋಗದ ವಿನ್ಯಾಸಕ್ಕೇ ಮೀಸಲಾದ ಪತ್ರಿಕೆ ಇತ್ತು. ಅವಳೇ ಹುಡುಕಿ ತೆಗೆದಳು.

ಆಮೇಲೆ ಕತ್ತರಿ. ಮೂರನೆಯ ಪುಟವನ್ನು ಬಿಡುವುದು ಸುಲಭವಾಯಿತು. ಅಂಕಗಳು ಅಂಕಪಟ್ಟಿಯಲ್ಲೇ ಇವೆ, 500 ಪದದಲ್ಲಿ ಅವನ್ನು ಮತ್ತೆ ಹೇಳುವುದು ದಂಡ. ಮೊದಲ ಪುಟ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಅಪ್ಪ ಅಮ್ಮನ ಕಷ್ಟ ಹೇಳದಿದ್ದರೆ ತಪ್ಪಾಗುತ್ತದೆ ಎಂಬ ಭಾವ. ನನಗದು ಅರ್ಥವಾಗುತ್ತದೆ. ಆದರೆ ಕಷ್ಟಕ್ಕೆ ಬೇರೆ ಕಾಗದ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ನಮ್ಮ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇಂಥವುಗಳ ಅರ್ಜಿಯಲ್ಲಿ ಕುಟುಂಬದ ಆದಾಯ, ಹಿನ್ನೆಲೆ ಎಲ್ಲ ಕೇಳಿಯೇ ಕೇಳುತ್ತಾರೆ, ಅಲ್ಲಿ ಅದಕ್ಕೆ ತೂಕ. ಪ್ರವೇಶದ ಬರಹದಲ್ಲಿ ಅಪ್ಪ ಬರುವುದಾದರೆ ಬಡವನಾಗಿ ಅಲ್ಲ, ಜಾಲಿಯ ವಿಷಯ ತಿಳಿದವನಾಗಿ ಬರಲಿ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪುಟದ ಮೇಲೆ ತಾನೇ ಗೆರೆ ಎಳೆದಳು.

ಕಾವಲಿನ ಪುಟ ಹಾಗಲ್ಲ. ಅದು ಕಥೆಯ ಒಳಗಿನದೇ. ಕಾವಲಿಗೆ ಹೋಗುವುದು ನಿಂತ ಮೇಲೆ ಅವರ ಮಂದೆ ಕೆರೆಯಂಗಳ, ರಸ್ತೆಬದಿಗಳಲ್ಲಿ ಮೇಯಬೇಕಾಯಿತು. ಜಾಲಿ ದಟ್ಟವಾಗಿರುವುದು ಅಲ್ಲಿ. ಕರಡ, ಹಂಚಿಕಡ್ಡಿ ಇದ್ದ ಬಯಲು ಬಿಟ್ಟು ಬಂದ ಕುರಿಗೆ ಬೇಸಿಗೆಯಲ್ಲಿ ಜಾಲಿ ಕಾಯಿಯೇ ಗತಿ. ದೂರದ ಓದುಗರಿಗೆ ಈ ಸಂಬಂಧ ಕಾಣಬೇಕಾದರೆ ಕೋಪವನ್ನು ಪಕ್ಕಕ್ಕಿಟ್ಟು ಸಂಗತಿಯನ್ನು ಮುಂದಿಡಬೇಕು. ಒಂದು ಪುಟ ಎರಡು ವಾಕ್ಯವಾಯಿತು. ಕಾವಲು ಎಂಬ ಮಾತನ್ನು ಹಾಗೆಯೇ ಉಳಿಸಿ, ಪಕ್ಕದಲ್ಲೇ ಅರ್ಧ ಸಾಲಿನಲ್ಲಿ ಊರಿನ ದನಕುರಿ ಮೇಯುವ ಹುಲ್ಲುಬಯಲು ಎಂದು ಬಿಡಿಸಿದೆವು. ರೊಪ್ಪ ಮಾತ್ರ ‘ಶೀಪ್ ಪೆನ್’ ಆಯಿತು. ಪುಟ್ಟ ಬರಹದಲ್ಲಿ ಊರಿನ ಮಾತು ಒಂದಿದ್ದರೆ ಓದುಗ ನೆನಪಿಟ್ಟುಕೊಳ್ಳುತ್ತಾನೆ. ಐದಾರು ಇದ್ದರೆ ಎಡವುತ್ತಾನೆ.

ಈಗ ಕನ್ನಡದಲ್ಲಿ ಒಂದೂವರೆ ಪುಟದ ಹೊಸ ಕರಡು ತಯಾರಾಯಿತು. ಇಂಗ್ಲಿಷ್ ಶುರುವಾಗುವ ಹೊತ್ತಿಗೆ ಆ ಕರಡನ್ನೂ ಮಡಿಚಿಡಿಸಿದೆ. ಎದುರಿಗೆ ಇಟ್ಟುಕೊಂಡರೆ ಕಣ್ಣು ಪದದಿಂದ ಪದಕ್ಕೆ ಹೋಗುತ್ತದೆ. ಚೀಟಿಯೊಂದರಲ್ಲಿ ಏಳೆಂಟು ಗುರುತು ಹಾಕಿಕೊಂಡು — ಅಪ್ಪನ ಮಾತು, ಚೌಕ, ಒಳಗೆ ಎಂಟು, ಹೊರಗೆ ಎರಡು, ಗೊಬ್ಬರದ ಅನುಮಾನ, ಕುಂಡ — ಅದನ್ನು ನೋಡುತ್ತಾ ಬಾಯಲ್ಲಿ ಇಂಗ್ಲಿಷ್‌ನಲ್ಲಿ ಹೇಳು ಎಂದೆ. ತಡವರಿಸಿದಳು, ಆದರೆ ವಾಕ್ಯಗಳು ಚಿಕ್ಕದಾಗಿ, ನೇರವಾಗಿ ಬಂದವು. ಅವಳ ಬಾಯಿಂದ ಬಂದದ್ದನ್ನೇ ನಾನು ಬರೆದುಕೊಂಡೆ.

ಬರಹಕ್ಕಿಳಿದಾಗ ಮಾತ್ರ ಹಳೆಯ ಚಾಳಿ ಮತ್ತೆ ಬಂತು. ‘ಬೆಳಿಗ್ಗೆ ಎದ್ದು ಕುರಿ ಬಿಟ್ಟು ಕಾಲೇಜಿಗೆ ಬಂದು ಸಂಜೆ ರೊಪ್ಪಕ್ಕೆ ಹೋಗಿ ಮೊಳಕೆ ಎಣಿಸುತ್ತಿದ್ದೆ’ ಎಂಬ ವಾಕ್ಯವಿತ್ತು. ಕನ್ನಡದ ಕಿವಿಗೆ ಇದು ಹಿತ. ಎದ್ದು, ಬಿಟ್ಟು, ಬಂದು, ಹೋಗಿ ಎಂದು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೋಗಿ, ಮುಖ್ಯವಾದ ಕ್ರಿಯೆ ಕೊನೆಗೆ ಬರುತ್ತದೆ. ಅದನ್ನೇ ‘ಆಫ್ಟರ್ ವೇಕಿಂಗ್ ಅಪ್, ಆಫ್ಟರ್ ಲೀವಿಂಗ್ ದ ಶೀಪ್’ ಎಂದು ಸಾಗಿಸಿದರೆ ಇಂಗ್ಲಿಷ್ ಓದುಗ ಎಣಿಕೆಯ ಬಳಿ ಬರುವಷ್ಟರಲ್ಲಿ ದಣಿಯುತ್ತಾನೆ. ಅಲ್ಲಿ ನಿಜಕ್ಕೂ ಬೇಕಾದ ಕ್ರಿಯೆ ಯಾವುದು ಎಂದು ಕೇಳಿದೆ. ಎಣಿಸಿದ್ದು. ಹಾಗಾದರೆ ವಾಕ್ಯ ಅಲ್ಲಿಂದಲೇ ಶುರುವಾಗಲಿ: ‘ಐ ಕೌಂಟೆಡ್ ಸೀಡ್ಲಿಂಗ್ಸ್ ಇನ್ ದ ಈವನಿಂಗ್ಸ್, ಆಫ್ಟರ್ ಕಾಲೇಜ್.’ ಎದ್ದದ್ದು, ಕುರಿ ಬಿಟ್ಟದ್ದು ಬೇಕಿಲ್ಲ.

ಇದು ವಾಕ್ಯಕ್ಕಷ್ಟೇ ಅಲ್ಲ, ಪ್ಯಾರಾಕ್ಕೂ ಅನ್ವಯಿಸುತ್ತದೆ. ನಾವು ಹಿನ್ನೆಲೆ ಹೇಳಿ, ಸುತ್ತು ಹಾಕಿ, ಕೊನೆಗೆ ವಿಷಯಕ್ಕೆ ಬರುತ್ತೇವೆ. ಅವರು ಪ್ಯಾರಾದ ಮೊದಲ ವಾಕ್ಯದಲ್ಲಿ ವಿಷಯ ಇರಲೆಂದು ಬಯಸುತ್ತಾರೆ. ಕಟ್ಟಿನಲ್ಲಿ ಬಹಳ ಅರ್ಜಿಗಳಿರುತ್ತವೆ, ಓದುವವರಿಗೆ ಹೊತ್ತು ಕಡಿಮೆ. ಅವಳ ಪ್ರತಿ ಪ್ಯಾರಾದ ಕೊನೆಯ ವಾಕ್ಯವನ್ನು ತಲೆಗೆ ತಂದು ಕೂರಿಸಿ ನೋಡಿದೆವು. ಹೆಚ್ಚಿನ ಕಡೆ ಬೇರೇನೂ ಮಾಡಬೇಕಾಗಲಿಲ್ಲ.

ಇನ್ನೊಂದು ತೊಡಕು ಕಾಲದ್ದು. ‘ಮುಗಿಸಿದ್ದೇನೆ’ ಎಂಬುದು ‘ಐ ಹ್ಯಾವ್ ಕಂಪ್ಲೀಟೆಡ್’ ಆಗಿ, ಪಕ್ಕದಲ್ಲಿ ಇಸವಿಯೂ ಬಂದು ಕೂತಿತ್ತು. ಇಸವಿ ಹೇಳಿದ ಮೇಲೆ ಇಂಗ್ಲಿಷ್‌ನಲ್ಲಿ ‘ಹ್ಯಾವ್’ ನಿಲ್ಲುವುದಿಲ್ಲ, ‘ಐ ಕಂಪ್ಲೀಟೆಡ್’ ಎಂದಷ್ಟೇ ಸಾಕು. ನಮ್ಮ ಕಡೆಯ ಅರ್ಜಿಗಳಲ್ಲಿ ನಾನು ಅತಿ ಹೆಚ್ಚು ತಿದ್ದುವ ತಪ್ಪು ಇದು.

ಆರಂಭದ ವಾಕ್ಯಕ್ಕೆ ಬಹಳ ಹೆಣಗಿದೆವು. ಅವಳು ಬರೆದದ್ದು ಕುರಿಗಾಹಿಯ ಮಗಳಾಗಿ ತನಗೆ ಪ್ರಕೃತಿಯ ಮೇಲೆ ಸದಾ ಪ್ರೀತಿ ಎಂದು. ಪ್ರೀತಿ ನಿಜವೇ, ಆದರೆ ಪರಿಸರ ವಿಜ್ಞಾನಕ್ಕೆ ಅರ್ಜಿ ಹಾಕುವ ಎಲ್ಲರೂ ಅದನ್ನೇ ಬರೆಯುತ್ತಾರೆ. ಕೊನೆಗೆ ಅವಳು ಬಾಯಲ್ಲಿ ಹೇಳಿದ್ದ ಮಾತಿಗೇ ಮರಳಿದೆವು: ‘ಮೈ ಫಾದರ್, ಹೂ ಕೀಪ್ಸ್ ಶೀಪ್, ಟೋಲ್ಡ್ ಮಿ ದ್ಯಾಟ್ ಥಾರ್ನ್ ಟ್ರೀಸ್ ಕಮ್ ಅಪ್ ವೇರ್ ಹಿಸ್ ಫ್ಲಾಕ್ ಹ್ಯಾಸ್ ಸ್ಲೆಪ್ಟ್. ಐ ವಾಂಟೆಡ್ ಟು ನೋ ಇಫ್ ಹಿ ವಾಸ್ ರೈಟ್.’ ಇದರಲ್ಲಿ ಎಂಟನೇ ತರಗತಿಯ ಮಗುವಿಗೆ ತಿಳಿಯದ ಪದ ಒಂದೂ ಇಲ್ಲ. ದೊಡ್ಡ ಪದ ಹಾಕಿದರೆ ಇಂಗ್ಲಿಷ್ ಬಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇಲ್ಲಿ ಬಲ ಇರುವುದು ಎರಡನೆಯ ವಾಕ್ಯದ ಚಿಕ್ಕತನದಲ್ಲಿ. ಅಪ್ಪನ ತಿಳಿವಳಿಕೆಗೂ ಮಗಳ ಪರೀಕ್ಷೆಗೂ ಎರಡಕ್ಕೂ ಅಲ್ಲಿ ಗೌರವ ಸಿಕ್ಕಿದೆ.

ಇಂಗ್ಲಿಷ್ ಮುಗಿದ ಮೇಲೆ ಅದನ್ನು ಮತ್ತೆ ಕನ್ನಡಕ್ಕೆ ತಂದು ಮನೆಯಲ್ಲಿ ಹೇಳು ಎಂದು ಕಳಿಸಿದೆ. ಇದನ್ನು ಯಾರ ಬರಹದಲ್ಲೂ ಬಿಡುವುದಿಲ್ಲ. ಭಾಷೆ ದಾಟುವಾಗ ಸಂಗತಿ ತಿಳಿಯದಂತೆ ಉಬ್ಬಿರುತ್ತದೆ, ಇಲ್ಲವೇ ಒಂದು ಮೂಲೆ ಉದುರಿರುತ್ತದೆ. ವಿಷಯ ಬಲ್ಲವರು ಕೇಳಿದರೆ ಕೂಡಲೇ ಹಿಡಿಯುತ್ತಾರೆ. ಮರುದಿನ ಅವರಪ್ಪನೇ ಫೋನ್ ಮಾಡಿದರು. “ಮೇಷ್ಟ್ರೇ, ನಾನು ಎಲ್ಲಾ ರೊಪ್ಪಕ್ಕೂ ಹೇಳಿಲ್ಲ. ಬ್ಯಾಸಿಗೆ ರೊಪ್ಪದಾಗೆ ಮಾತ್ರ ಹುಟ್ತಾವೆ. ಮಳೆಗಾಲದಾಗೆ ಕುರಿ ಹಸಿರು ಮೇಯ್ತಾವೆ, ಕಾಯಿ ಎಲ್ಲಿ ತಿಂತಾವೆ?” ವಾಕ್ಯದ ಕೊನೆ ಬದಲಾಯಿತು: ‘ವೇರ್ ಹಿಸ್ ಫ್ಲಾಕ್ ಸ್ಲೀಪ್ಸ್ ಇನ್ ಸಮ್ಮರ್.’ ಅಷ್ಟೇ ಅಲ್ಲ, ಹುಡುಗಿಗೆ ಮುಂದಿನ ದಾರಿಯೂ ಹೊಳೆಯಿತು. ಮಳೆಗಾಲದಲ್ಲಿ ಮಂದೆ ಮಲಗಿದ ರೊಪ್ಪದಲ್ಲೂ ಗೊಬ್ಬರ ಇರುತ್ತದೆ, ಕಾಯಿಯ ಬೀಜ ಇರುವುದಿಲ್ಲ. ಎರಡು ಬಗೆಯ ರೊಪ್ಪವನ್ನು ಹೋಲಿಸಿದರೆ ಗೊಬ್ಬರವೋ ಬೀಜವೋ ಎಂಬ ಪ್ರಶ್ನೆಯ ಉತ್ತರಕ್ಕೆ ಹತ್ತಿರ ಹೋಗಬಹುದು. ಈ ಮಾತು ಬರಹದ ಕೊನೆಯ ಪ್ಯಾರಾ ಸೇರಿತು, ಅಪ್ಪ ಹೇಳಿದ್ದು ಎಂಬ ಉಲ್ಲೇಖದ ಜತೆ.

ಸಹಾಯ ಮಾಡುವವರ ಮಿತಿಯ ಬಗ್ಗೆಯೂ ಹೇಳಬೇಕು. ಬರಹ ಬರೆದವರದೇ ಆಗಿರಬೇಕು, ಎರವಲು ತಂದದ್ದು ಸಿಕ್ಕಿಬೀಳುತ್ತದೆ. ಬ್ರಿಟನ್ನಿನ ಪದವಿ ತರಗತಿಗಳ ಬಹುತೇಕ ಅರ್ಜಿಗಳು ಯೂಕಾಸ್ ಎಂಬ ಸಂಸ್ಥೆಯ ಮೂಲಕ ಹೋಗುತ್ತವೆ. 2007ರಲ್ಲಿ ಅವರು ಸುಮಾರು 50,000 ಬರಹಗಳನ್ನು ಪರಸ್ಪರ ಹೋಲಿಸಿ ನೋಡಿದಾಗ, ಎಂಟನೇ ವಯಸ್ಸಿನಲ್ಲಿ ರಸಾಯನ ಪ್ರಯೋಗ ಮಾಡಿ ಪೈಜಾಮಕ್ಕೆ ತೂತು ಸುಟ್ಟುಕೊಂಡ ಕಥೆ 234 ಬರಹಗಳಲ್ಲಿ ಸಿಕ್ಕಿತು. ಮಾದರಿಯೊಂದರಿಂದ ಎಲ್ಲರೂ ಎತ್ತಿದ್ದರು. ಹೋಲಿಕೆ ಪತ್ತೆ ಮಾಡುವ ವ್ಯವಸ್ಥೆ ಈಗಲೂ ಇದೆ. 2026ರ ಪ್ರವೇಶದಿಂದ ಯೂಕಾಸ್ ಒಂದೇ ಉದ್ದ ಬರಹದ ಬದಲು ಮೂರು ಪ್ರಶ್ನೆಗಳಿಗೆ ಉತ್ತರ ಕೇಳುತ್ತಿದೆ: ಈ ವಿಷಯ ಏಕೆ, ಓದು ನಿಮ್ಮನ್ನು ಹೇಗೆ ಸಜ್ಜುಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಎಲ್ಲ ಸೇರಿ 4,000 ಅಕ್ಷರ, ಪದಗಳ ನಡುವಿನ ಜಾಗವೂ ಲೆಕ್ಕಕ್ಕೆ ಬರುತ್ತದೆ. ಪಿಯುಸಿ ಮುಗಿಸಿ ಹೋಗುವ ಮಕ್ಕಳು ಕನ್ನಡದ ಕರಡನ್ನೂ ಈ ಮೂರು ಭಾಗವಾಗಿಯೇ ಬರೆದುಕೊಳ್ಳುವುದು ಒಳ್ಳೆಯದು.

ಪತ್ತೆಯ ಭಯಕ್ಕಿಂತ ನನಗೆ ಮುಖ್ಯವಾದದ್ದು ಸಂದರ್ಶನದ ದಿನ. ಬರಹದಲ್ಲಿರುವ ಯಾವ ವಾಕ್ಯದ ಮೇಲೆ ಕೇಳಿದರೂ ಅವಳು ಎರಡು ನಿಮಿಷ ಮಾತಾಡಬೇಕು. ನಾನು ಸೂಚಿಸಿದ ಪದವನ್ನು ಅವಳು ಎಡವದೆ ಉಚ್ಚರಿಸಿ, ಅರ್ಥ ಹೇಳಿ, ಇನ್ನೊಂದು ವಾಕ್ಯದಲ್ಲಿ ಬಳಸಿದರೆ ಉಳಿಯುತ್ತದೆ, ಇಲ್ಲದಿದ್ದರೆ ಹೊರಗೆ. ಹೀಗೆ ‘ಡಿಸ್ಪರ್ಸಲ್’ ಉಳಿಯಿತು, ಪಾಠದಲ್ಲಿ ಓದಿದ್ದಳು. ನನಗೆ ಇಷ್ಟವಾಗಿದ್ದ ಒಂದೆರಡು ನುಡಿಗಟ್ಟು ಹೋದವು. ಕೆಲವು ವಾಕ್ಯಗಳು ಇಂಗ್ಲಿಷಿನವರು ಬರೆಯುವಂತೆ ನುಣುಪಾಗಿಲ್ಲ, ಆದರೆ ತಪ್ಪಿಲ್ಲ. ಅವನ್ನು ಮುಟ್ಟಲಿಲ್ಲ.

ಕಳಿಸುವ ಮುಂಚೆ ನೋಡಿದ ಕೊನೆಯ ಸಂಗತಿ ಊರಿನ ಹೆಸರು. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ದೊಡ್ಡಉಳ್ಳಾರ್ತಿಯ ಇಂಗ್ಲಿಷ್ ಅಕ್ಷರಗಳು ಬೇರೆಬೇರೆ ಇದ್ದವು, ಒಂದರಲ್ಲಿ ಕೂಡಿಸಿ, ಇನ್ನೊಂದರಲ್ಲಿ ಬಿಡಿಸಿ. ಪಾಸ್‌ಪೋರ್ಟಿನಲ್ಲಿರುವಂತೆಯೇ ಬರಹದಲ್ಲೂ ಅರ್ಜಿಯಲ್ಲೂ ಹಾಕಿಸಿದೆ. 486 ಪದ ಆಗಿತ್ತು. ಉಳಿದ ಹದಿನಾಲ್ಕು ಪದದ ಜಾಗದಲ್ಲಿ ಎನ್‌ಎಸ್‌ಎಸ್ ಶಿಬಿರ ಸೇರಿಸಲೇ ಎಂದು ಕೇಳಿದಳು. ಬೇಡ, ಹಾಗೇ ಕಳಿಸು ಎಂದೆ.